ಎ4 ಪ್ಲಾನರ್ ಅಮೆರಿಕದಲ್ಲಿ ಮುದ್ರಿಸಿದ್ರೆ ಭಾನುವಾರ ಕತ್ತರಿಸಿ ಹೋಗ್ತಿದೆ. ಲಿಸ್ಟಿಂಗ್‌ನಲ್ಲಿ ಅಳತೆ, ಲೈಸೆನ್ಸ್ ಹೇಗೆ ಬರೀಬೇಕು?

ಹಾಳೆಮನೆ
ಎಲ್ಲರಿಗೂ ನಮಸ್ಕಾರ. ಎಟ್ಸಿಯಲ್ಲಿ ಕನ್ನಡದ ವಾರದ ಪ್ಲಾನರ್ ಪಿಡಿಎಫ್ ಮಾರ್ತಿದೀನಿ. ಅಡ್ಡ ಎ4 ಹಾಳೆ, ವಾರಕ್ಕೊಂದು. ಎಡಗಡೆ ‘ವಾರದ ಗುರಿ’, ಸೋಮ, ಮಂಗಳ, ಬುಧ; ಬಲಗಡೆ ಗುರುವಾರದಿಂದ ಭಾನುವಾರ. ಒಟ್ಟು ಎಂಟು ಕಾಲಂ. ಮಧ್ಯಕ್ಕೆ ಕತ್ತರಿಸಿದ್ರೆ ಎರಡು ಎ5 ಹಾಳೆ ಆಗಿ ಬೈಂಡರ್‌ಗೆ ಹೋಗ್ಬೇಕು. ತೂತಿಗೆ ಅಂತ ಮಧ್ಯದಲ್ಲಿ 30 ಮಿಮೀ ಬಿಟ್ಟಿದೀನಿ, ಹೊರ ಅಂಚಲ್ಲಿ 5 ಮಿಮೀ.

ಈ ವಾರ ಮೂರು ದೂರು ಬಂದಿದೆ. ನ್ಯೂಜೆರ್ಸಿಯ ಒಬ್ರಿಗೆ ಭಾನುವಾರದ ಕಾಲಂ ಕಾಲುಭಾಗ ಹೋಗಿದೆಯಂತೆ. ಅಲ್ಲಿಯದೇ ಇನ್ನೊಬ್ರು ‘ಎ5 ಅಂದ್ರಿ, ಎ5 ಇಲ್ಲ, ಚಿಕ್ಕದಾಗಿದೆ’ ಅಂತಾರೆ. ಮೂರನೇಯವರು ಮುದ್ರಣದಂಗಡಿಗೆ ಹೋದ್ರೆ, ಪಿಡಿಎಫ್ ಕೆಳಗೆ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ, ನಕಲು ಮಾಡುವಂತಿಲ್ಲ’ ಅಂತ ಇರೋದು ನೋಡಿ ಕೌಂಟರ್‌ನಲ್ಲಿ ಮುದ್ರಿಸಲ್ಲ ಅಂದ್ರಂತೆ.

ಲಿಸ್ಟಿಂಗ್‌ನಲ್ಲಿ ನಾನು ಬರೆದಿರೋದು ಇಷ್ಟೇ: ‘ಎ5 ಪ್ಲಾನರ್, ಪಿಡಿಎಫ್, ವೈಯಕ್ತಿಕ ಬಳಕೆಗೆ ಮಾತ್ರ.’ ಏನು ಬದಲಿಸ್ಲಿ?

ಗುರುಪ್ರಿಂಟ್ಸ್
ಇದಕ್ಕೆ ತಲೆ ಕೆಡಿಸ್ಕೋಬೇಡಿ. ಎ4 ಒಂದೇ ಇಟ್ಟು, ‘ಮುದ್ರಿಸುವಾಗ Fit ಒತ್ತಿ’ ಅಂತ ಒಂದು ಸಾಲು ಹಾಕಿ. ಯಾವ ಕಾಗದಕ್ಕಾದ್ರೂ ಕೂರತ್ತೆ. ಗೋಡೆ ಚಿತ್ರಗಳನ್ನ ಎಲ್ರೂ ಹಂಗೇ ಮಾರ್ತಾರೆ.

ಕಾಗದಕತ್ತರಿ
ಗುರು ಅವರೇ, ಗೋಡೆ ಚಿತ್ರಕ್ಕೆ ನೀವು ಹೇಳಿದ್ದು ಸರಿ. ಅದರ ಸುತ್ತ ಬಿಳಿ ಅಂಚು ಜಾಸ್ತಿ ಬಿದ್ರೆ ಯಾರೂ ಕೇಳಲ್ಲ. ಬೈಂಡರ್ ಹಾಳೆಗೆ ನಡೆಯಲ್ಲ. ಎರಡನೇ ಗ್ರಾಹಕರ ದೂರು ಬಂದಿದ್ದೇ Fit ಇಂದ.

ಲೆಕ್ಕ ನೋಡಿ. ಎ4 ಅಂದ್ರೆ 210×297 ಮಿಮೀ. ಅಮೆರಿಕದ ಪ್ರಿಂಟರ್‌ನಲ್ಲಿ ಇರೋದು ಲೆಟರ್ ಕಾಗದ, 216×279. ಅಂದ್ರೆ ಅದು ಅಗಲದಲ್ಲಿ 6 ಮಿಮೀ ಹೆಚ್ಚು, ಉದ್ದದಲ್ಲಿ 18 ಮಿಮೀ ಕಮ್ಮಿ.

ಮೊದಲನೇ ಗ್ರಾಹಕರು Actual size ಒತ್ತಿದಾರೆ. 18 ಮಿಮೀ ಕಮ್ಮಿ ಇರೋದ್ರಿಂದ ಎಡಬಲ ಎರಡೂ ಕಡೆ 9 ಮಿಮೀ ಕಾಗದದ ಆಚೆ ಹೋಯ್ತು. ಮನೆ ಪ್ರಿಂಟರ್ ಕಾಗದದ ಅಂಚಲ್ಲಿ ಇನ್ನೊಂದು 4 ಮಿಮೀ ಮುದ್ರಿಸಲ್ಲ. ಒಟ್ಟು 13. ನಿಮ್ಮ ಹೊರ ಅಂಚು 5 ತಡ್ಕೊಂಡ್ರೂ ಭಾನುವಾರದಲ್ಲಿ 8 ಮಿಮೀ ಹೋಗತ್ತೆ. ಕಾಲಂ ಅಗಲ 32 ಮಿಮೀ ಇರ್ಬೇಕು, ಅದರ ಕಾಲುಭಾಗ ಸರಿಯಾಗಿ 8. ಆ ಕಡೆ ‘ವಾರದ ಗುರಿ’ನೂ ಅಷ್ಟೇ ಹೋಗಿರತ್ತೆ, ಅವರು ನೋಡಿಲ್ಲ ಅಷ್ಟೇ.

ಎರಡನೇಯವರು Fit ಒತ್ತಿದಾರೆ. 297ನ್ನ 279ಕ್ಕೆ ಇಳಿಸಿದ್ರೆ ಶೇ. 94. ಆಗ ಅರ್ಧ ಹಾಳೆ 148×210 ಬದಲು 140×198 ಆಗತ್ತೆ. ಪ್ರಿಂಟರ್ ತನ್ನ ಅಂಚನ್ನೂ ಕಳೆದು ಕೂರಿಸಿದ್ರೆ ಶೇ. 90ರ ಹತ್ತಿರ ಬರತ್ತೆ. ತೂತಿಗೆ ಬಿಟ್ಟ ಜಾಗವೂ ಅಷ್ಟೇ ಕುಗ್ಗತ್ತೆ, ಬರೆಯೋ ಗೆರೆಗಳ ಅಂತರವೂ.

ಹಾಳೆಮನೆ
@ಕಾಗದಕತ್ತರಿ ಸರ್, ಕಾಲಂ 32 ಮಿಮೀನೇ! ನಾನು ಹೇಳಿರಲಿಲ್ಲವಲ್ಲ?

ಕಾಗದಕತ್ತರಿ
297ರಲ್ಲಿ ಹೊರ ಅಂಚು 10, ಮಧ್ಯ 30 ಕಳೆದು ಎಂಟರಿಂದ ಭಾಗಿಸಿದೆ, ಅಷ್ಟೇ.

ಪುಟ್ಟಿ_ಡಿಜಿಟಲ್
ಒಂದು ಡೌಟು. ಇದನ್ನ ಟ್ಯಾಬ್ಲೆಟ್‌ನಲ್ಲಿ ಪೆನ್ ಹಿಡಿದು ಬರೆಯೋಕೆ ಆಗತ್ತಾ? ತಿಂಗಳ ಹೆಸರು ಒತ್ತಿದ್ರೆ ಆ ಪುಟಕ್ಕೆ ಹೋಗ್ಬೇಕು, ಅಂಥದ್ದು ಬೇಕಿತ್ತು.

ಹಾಳೆಮನೆ
ಇಲ್ಲ ಪುಟ್ಟಿ, ಇದು ಮುದ್ರಿಸೋಕೆ ಮಾತ್ರ. ಲಿಂಕ್ ಇಲ್ಲ.

ಬೆಳಗಾವಿ_ಬೈಂಡರ್
ಅದನ್ನೂ ಲಿಸ್ಟಿಂಗ್‌ನ್ಯಾಗ ಬರೀರಿ ಮತ್ತ. ‘ಡಿಜಿಟಲ್ ಪ್ಲಾನರ್’ ಅಂತ ಶೀರ್ಷಿಕೆ ಇಟ್ಟ್ರ ಟ್ಯಾಬ್ಲೆಟ್‌ನವರು ಬಂದು ತೊಗೋತಾರ, ‘ಪ್ಲಾನರ್’ ಅಂತ ಇಷ್ಟ ಇಟ್ಟ್ರ ಕೊರಿಯರ್ ಯಾವಾಗ ಬರ್ತದ ಅಂತ ಕೇಳ್ತಾರ. ‘ಮುದ್ರಿಸಿಕೊಳ್ಳುವ ಪ್ಲಾನರ್, ಪಿಡಿಎಫ್ ಡೌನ್‌ಲೋಡ್’ ಅಂತ ಮೊದಲನೇ ಸಾಲಿನ್ಯಾಗ ಇರಬೇಕ್ರಿ. ಮೊದಲನೇ ಫೋಟೋದ ಮ್ಯಾಲೂ ‘ಅಂಚೆಯಲ್ಲಿ ಏನೂ ಬರುವುದಿಲ್ಲ’ ಅಂತ ಹಾಕ್ರಿ. ವರ್ಣನೆ ಓದದವರು ಫೋಟೋ ಅಂತೂ ನೋಡ್ತಾರ.

ಕಾಗದಕತ್ತರಿ
ಹಾಳೆಮನೆ ಅವರಿಗೆ ಮುಂದಿನ ಕೆಲಸ. ಎ4 ಫೈಲನ್ನೇ ಕುಗ್ಗಿಸಿ ‘ಲೆಟರ್’ ಅಂತ ಹೆಸರಿಡಬೇಡಿ. ಪುಟದ ಅಳತೆ ಬದಲಿಸಿ ಹೊಸದಾಗಿ ಜೋಡಿಸಿ. 279 ಅಗಲ, ಹೊರ ಅಂಚು ತಲಾ 8, ಮಧ್ಯ 30 ಹಾಗೇ ಇರಲಿ. ಉಳಿದ 233ಕ್ಕೆ ಎಂಟು ಕಾಲಂ ಅಂದ್ರೆ ಒಂದಕ್ಕೆ 29 ಮಿಮೀ. ಅಗಲದಲ್ಲಿ 3 ಮಿಮೀ ಕಳ್ಕೊಂಡ್ರಿ, ಎತ್ತರದಲ್ಲಿ 6 ಮಿಮೀ ಸಿಕ್ತು, ಕೆಳಗೆ ಒಂದು ಗೆರೆ ಜಾಸ್ತಿ ಹಾಕ್ಬಹುದು. ಕತ್ತರಿಸಿದ್ರೆ ಬರೋದು 140×216. ಅದು ಎ5 ಅಲ್ಲ, ಅರ್ಧ ಲೆಟರ್. ಲಿಸ್ಟಿಂಗ್‌ನಲ್ಲಿ ಹಾಗೇ ಬರೀರಿ. ಎ5 ಬೈಂಡರ್‌ನ ಆರು ತೂತಿಗೂ ಅಲ್ಲಿನ ಅರ್ಧ ಲೆಟರ್ ಬೈಂಡರ್‌ನ ಮೂರು ತೂತಿಗೂ ಸಂಬಂಧ ಇಲ್ಲ, ಅದಕ್ಕೇ ಪಿಡಿಎಫ್‌ನಲ್ಲಿ ತೂತಿನ ಗುರುತು ಹಾಕದೆ ಬರೀ ಜಾಗ ಬಿಡೋದು ಒಳ್ಳೇದು. ಎ4 ಫೈಲಿನಲ್ಲೂ ಹೊರ ಅಂಚು 5 ಸಾಲಲ್ಲ, 8 ಅಥವಾ 10 ಮಾಡಿ.

ಆಮೇಲೆ ಪ್ರತಿ ಫೈಲಿನ ಮೊದಲ ಪುಟ ಪರೀಕ್ಷಾ ಪುಟ ಆಗಿರಲಿ. ಅದರಲ್ಲಿ ಸರಿಯಾಗಿ 100 ಮಿಮೀ ಉದ್ದದ ಒಂದು ಗೆರೆ, ಕೆಳಗೆ: ‘ಮೊದಲು ಈ ಪುಟ ಮಾತ್ರ ಮುದ್ರಿಸಿ, ಸ್ಕೇಲ್ ಇಟ್ಟು ಅಳೆಯಿರಿ. 100 ಬಂದರೆ ಮುಂದುವರಿಯಿರಿ. 90ರಿಂದ 97ರೊಳಗೆ ಬಂದರೆ Fit ಆನ್ ಆಗಿದೆ ಅಥವಾ ಕಾಗದ ಬೇರೆ. Actual size ಆರಿಸಿ, ಕಾಗದದ ಅಳತೆ ನೋಡಿ.’ ಪುಟದ ನಾಲ್ಕು ಮೂಲೆಗೂ ಸಣ್ಣ ಚೌಕ ಇಡಿ, ಮುಖ್ಯ ಪುಟಗಳ ಹೊರ ಗೆರೆ ಎಲ್ಲಿದೆಯೋ ಅಲ್ಲೇ. ಗೆರೆ 100 ಬಂದು ಚೌಕ ಕಾಣದಿದ್ರೆ ಎ4 ಫೈಲನ್ನ ಲೆಟರ್ ಮೇಲೆ ಹೊಡೆದಿದಾರೆ ಅಂತ ಅರ್ಥ. ದೂರು ಬಂದಾಗ ‘ಆ ಪುಟದ ಫೋಟೋ ಕಳಿಸಿ’ ಅಂದ್ರೆ ಸಾಕು, ನಿಮಗೇ ಗೊತ್ತಾಗತ್ತೆ.

ಗುರುಪ್ರಿಂಟ್ಸ್
ಒಪ್ಪಿದೆ, ಬೈಂಡರ್ ವಿಷಯ ನನಗೆ ಹೊಳೀಲಿಲ್ಲ. ಆದ್ರೆ ಅಳತೆಗೊಂದು ಫೈಲ್ ಅಂತ ಕೊಟ್ರೆ ಗ್ರಾಹಕರು ಗೊಂದಲ ಆಗ್ತಾರೆ. ಎಲ್ಲಾ ಒಂದು ಜಿಪ್ ಮಾಡಿ ಕೊಡಿ.

ಕುಡ್ಲದ_ಕಡತ
ಜಿಪ್ ಬೇಡ ಮಾರಾಯ್ರೆ. ಅರ್ಧ ಜನ ಮೊಬೈಲಿನಲ್ಲೇ ಡೌನ್‌ಲೋಡ್ ಮಾಡುವುದು, ಜಿಪ್ ಕಂಡರೆ ‘ಫೈಲ್ ಓಪನ್ ಆಗುವುದಿಲ್ಲ’ ಎಂದು ಮೆಸೇಜ್ ಬರುತ್ತದೆ. ಎಟ್ಸಿಯಲ್ಲಿ ಒಂದು ಲಿಸ್ಟಿಂಗಿಗೆ 5 ಫೈಲ್ ಹಾಕಬಹುದು, ಒಂದೊಂದು 20 ಎಂಬಿವರೆಗೆ. ಇವರಿಗೆ ಬೇಕಾದದ್ದು ಎರಡೇ, ಎ4 ಒಂದು, ಲೆಟರ್ ಒಂದು. ಫೈಲಿನ ಹೆಸರಲ್ಲೇ ಅಳತೆ ಇರಲಿ, `Vara_Planner_A4.pdf`, `Vara_Planner_Letter.pdf`. `final_new2.pdf` ಎಂದು ಇಟ್ಟರೆ ಯಾರಿಗೆ ಏನು ಗೊತ್ತಾಗ್ಬೇಕು?

ಹಾಳೆಮನೆ
ನನ್ನ ಒಂದು ಫೈಲೇ 31 ಎಂಬಿ ಇದೆ. ಅದಕ್ಕೇ ಈಗ ಡ್ರೈವ್ ಲಿಂಕ್ ಕೊಡ್ತಿದೀನಿ. 😕 ಕ್ಯಾನ್ವಾದಲ್ಲಿ ಮಾಡಿದ್ದು.

ಕುಡ್ಲದ_ಕಡತ
ಬರೀ ಗೆರೆ ಮತ್ತು ಅಕ್ಷರ ಇರುವ 50-60 ಪುಟಕ್ಕೆ 31 ಎಂಬಿ ಆಗುವುದಿಲ್ಲ. ಡೌನ್‌ಲೋಡ್ ಮಾಡುವಾಗ Flatten PDF ಟಿಕ್ ಹಾಕಿದ್ದೀರಾ? ಅದು ಪ್ರತಿ ಪುಟವನ್ನೂ ಒಂದೊಂದು ಚಿತ್ರ ಮಾಡಿಬಿಡುತ್ತದೆ. ಪಿಡಿಎಫ್ ತೆರೆದು 800% ಜೂಮ್ ಮಾಡಿ ನೋಡಿ. ಅಕ್ಷರದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಚಿತ್ರ, ನುಣುಪಾಗಿಯೇ ಉಳಿದರೆ ನಿಜವಾದ ಅಕ್ಷರ.

ಹಾಳೆಮನೆ
ಮೆಟ್ಟಿಲು! ಟಿಕ್ ಹಾಕಿದ್ದೆ. ಹಾಕದಿದ್ರೆ ಒತ್ತಕ್ಷರ ಬೇರೆ ಕಂಪ್ಯೂಟರಲ್ಲಿ ಕೆಡತ್ತೆ ಅಂತ ಯಾರೋ ಹೇಳಿದ್ರು.

ನುಡಿಗಟ್ಟು
ಅದು ಅರ್ಧ ನಿಜ. ಪಿಡಿಎಫ್‌ನ ಒಳಗೆ ಫಾಂಟ್ ಸೇರಿಕೊಂಡಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಒತ್ತಕ್ಷರ ಕೆಡುವುದಿಲ್ಲ. ಕೆಡುವುದು ವಿನ್ಯಾಸ ಮಾಡುವಾಗಲೇ. ಉದಾಹರಣೆಗೆ ಇನ್‌ಡಿಸೈನ್‌ನಲ್ಲಿ World-Ready Composer ಆರಿಸದಿದ್ದರೆ ‘ಕ್ಷ’ ಒಡೆದು ಕ, ್, ಷ ಎಂದು ಬಿಡಿಬಿಡಿಯಾಗಿ ಕೂರುತ್ತದೆ. ಹಾಗೆ ಒಡೆದದ್ದನ್ನು ಫ್ಲಾಟನ್ ಮಾಡಿದರೂ ಒಡೆದದ್ದೇ. ಪಾಪ್ಲರ್ ಎಂಬ ಪಿಡಿಎಫ್ ತಂತ್ರಾಂಶ ಹಾಕಿಕೊಂಡಿದ್ದರೆ ಎರಡು ಆಜ್ಞೆಯಲ್ಲಿ ಎಲ್ಲ ತಿಳಿಯುತ್ತದೆ:

```
pdfinfo Vara_Planner_Letter.pdf
pdffonts Vara_Planner_Letter.pdf
```

ಮೊದಲನೆಯದರಲ್ಲಿ `Page size` ಸಾಲು ನೋಡಿ. ಅಡ್ಡ ಲೆಟರ್ ಆದರೆ `792 x 612 pts`, ಅಡ್ಡ ಎ4 ಆದರೆ `841.89 x 595.276 pts` ಇರಬೇಕು. ಹೆಸರು ಲೆಟರ್, ಒಳಗೆ 841 ಎಂದಿದ್ದರೆ ತಪ್ಪು ಫೈಲ್ ಏರಿಸುತ್ತಿದ್ದೀರಿ. ಎರಡನೆಯದರಲ್ಲಿ `emb` ಕೆಳಗೆ ಎಲ್ಲದಕ್ಕೂ `yes` ಇರಬೇಕು. ಪಟ್ಟಿಯೇ ಖಾಲಿ ಬಂದರೆ ಅಕ್ಷರವೆಲ್ಲ ಚಿತ್ರವಾಗಿದೆ ಅಥವಾ ಬರೀ ಗೆರೆಯಾಗಿದೆ. ಆಜ್ಞೆ ಬೇಡವೆನ್ನುವವರು ಅಕ್ರೊಬ್ಯಾಟ್ ರೀಡರ್‌ನ ಪ್ರಾಪರ್ಟೀಸ್‌ನಲ್ಲಿ Fonts ನೋಡಲಿ, ಹೆಸರಿನ ಮುಂದೆ `Embedded Subset` ಇದ್ದರೆ ಸಾಕು.

ಕುಡ್ಲದ_ಕಡತ
ಡ್ರೈವ್ ಲಿಂಕ್ ಬಗ್ಗೆ ಒಂದು ಮಾತು. ಲಿಂಕ್ ಸಿಕ್ಕಿದವರೆಲ್ಲ ನೋಡುವ ಹಾಗೆ ಇಟ್ಟರೆ ಒಬ್ಬರು ಕೊಂಡು ವಾಟ್ಸಾಪ್ ಗುಂಪಿಗೆ ಹಾಕಿದರೆ ಮುಗಿಯಿತು. 20 ಎಂಬಿ ಒಳಗೆ ತನ್ನಿ, ನೇರ ಏರಿಸಿ.

ತಿಂಗಳಪುಟ
ಫಾಂಟ್ ಮಾತು ಬಂತಲ್ಲ, ಅದರ ಲೈಸೆನ್ಸ್? ನಾನು ಬಾಲೂ ತಮ್ಮ ಬಳಸ್ತೀನಿ. ಪಿಡಿಎಫ್ ಮಾರಿದ್ರೆ ಫಾಂಟ್ ಮಾರಿದ ಹಾಗೆ ಆಗಲ್ವಾ?

ನುಡಿಗಟ್ಟು
ಆಗುವುದಿಲ್ಲ. ಬಾಲೂ ತಮ್ಮ, ನೋಟೊ ಸ್ಯಾನ್ಸ್ ಕನ್ನಡ, ತಿರೊ ಕನ್ನಡ ಎಲ್ಲವೂ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸಿನಲ್ಲಿವೆ. ಆ ಫಾಂಟಿನಿಂದ ಮಾಡಿದ ಪುಟವನ್ನು ಮಾರಬಹುದು, ಪಿಡಿಎಫ್‌ನೊಳಗೆ ಸೇರಿಸಬಹುದು, ಅದರಿಂದ ನಿಮ್ಮ ಪಿಡಿಎಫ್‌ನ ಲೈಸೆನ್ಸ್ ಬದಲಾಗುವುದಿಲ್ಲ. ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ, ಅಷ್ಟೇ. ಬೇರೆ ಫಾಂಟ್ ಆದರೆ ಅದರ ಜೊತೆ ಬಂದ ಲೈಸೆನ್ಸ್ ಓದಲೇಬೇಕು.

ಕ್ಯಾನ್ವಾದ ಚಿತ್ರಗಳ ಕಥೆ ಬೇರೆ. ನಿಮ್ಮ ವಿನ್ಯಾಸದೊಳಗೆ ಸೇರಿದ ಪಿಡಿಎಫ್ ಮಾರಬಹುದು, ಅಲ್ಲಿನ ಹೂವು-ಬಳ್ಳಿಯನ್ನು ಹಾಗೇ ತೆಗೆದು ಸ್ಟಿಕರ್ ಹಾಳೆ ಎಂದು ಮಾರುವಂತಿಲ್ಲ. ಗ್ರಾಹಕರು ತಾವೇ ತಿದ್ದುವ ಪ್ಲಾನರ್ ಆದರೆ ಟೆಂಪ್ಲೇಟ್ ಲಿಂಕ್ ಕೊಡಬೇಕು. ಅದರಲ್ಲಿ ಪ್ರೊ ಚಿತ್ರ ಬಳಸಿದ್ದರೆ ಉಚಿತ ಖಾತೆಯವರಿಗೆ ವಾಟರ್‌ಮಾರ್ಕ್ ಕಾಣುತ್ತದೆ, ಅದನ್ನೂ ಲಿಸ್ಟಿಂಗ್‌ನಲ್ಲಿ ಬರೆಯಿರಿ.

ಬೆಳಗಾವಿ_ಬೈಂಡರ್
ಮೂರನೇ ದೂರು ಎಲ್ರೂ ಮರೆತ್ರಿ ನೋಡ್ರಿ. ಅಂಗಡ್ಯಾವರು ತಪ್ಪು ಮಾಡಿಲ್ಲ. ನಕಲು ಮಾಡಬ್ಯಾಡ್ರಿ ಅಂತ ನೀವ ಬರದೀರಿ, ಅವರು ಮಾಡಲಿಲ್ಲ. ಕೊಂಡವರ ಕೈಯಾಗ ಪರವಾನಗಿ ಎಲ್ಲೈತಿ? ಎಟ್ಸಿ ಪುಟದಾಗ ಬರದ್ರ ಕೌಂಟರ್‌ನ್ಯಾಗ ಯಾರು ತೆಗೆದು ತೋರಿಸ್ತಾರ? ಪಿಡಿಎಫ್ ಒಳಗ ಒಂದು ಪುಟ ಇರಬೇಕು. ಹಿಂಗ ಬರೀರಿ:

‘ಈ ಪಿಡಿಎಫ್ ಕೊಂಡವರು ತಮ್ಮ ಮತ್ತು ತಮ್ಮ ಮನೆಯವರ ಬಳಕೆಗೆ ಎಷ್ಟು ಪ್ರತಿ ಬೇಕಾದರೂ ಮುದ್ರಿಸಿಕೊಳ್ಳಬಹುದು. ಅದಕ್ಕಾಗಿ ಮುದ್ರಣದಂಗಡಿಗೆ ಫೈಲ್ ಕೊಡಬಹುದು. ಅಂಗಡಿಯವರು ಕೊಂಡವರಿಗಾಗಿ ಮುದ್ರಿಸಲು ಈ ಪುಟವೇ ಒಪ್ಪಿಗೆ. ಫೈಲನ್ನು ಬೇರೆಯವರಿಗೆ ಕಳಿಸುವುದು, ಜಾಲದಲ್ಲಿ ಹಂಚುವುದು, ಮುದ್ರಿಸಿದ ಪ್ರತಿಯನ್ನು ಮಾರುವುದಕ್ಕೆ ಒಪ್ಪಿಗೆ ಇಲ್ಲ.’

ಅಮೆರಿಕದ ಅಂಗಡಿಗೆ ಅಂದ್ರ ಇದನ್ನ ಇಂಗ್ಲಿಷ್‌ನ್ಯಾಗೂ ಅದೇ ಪುಟದಾಗ ಹಾಕ್ರಿ. ಕನ್ನಡ ಅಲ್ಲಿ ಯಾರು ಓದಬೇಕು?

ಗುರುಪ್ರಿಂಟ್ಸ್
ಇಷ್ಟೆಲ್ಲಾ ಬರೆದ್ರೂ ಕಾಪಿರೈಟ್ ರಿಜಿಸ್ಟರ್ ಮಾಡ್ಸದೆ ಏನೂ ಹಕ್ಕಿಲ್ಲ ಅಲ್ವಾ?

ನುಡಿಗಟ್ಟು
ಇಲ್ಲ ಸರ್. 1957ರ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವಲ್ಲ, ಕೃತಿ ಮಾಡಿದ ಕೂಡಲೇ ಹಕ್ಕು ಬರುತ್ತದೆ. ಆದರೆ ನೀವು ಬೇರೊಂದು ಕಡೆ ಕೈಯಿಟ್ಟಿದ್ದೀರಿ. ಏಳು ಖಾಲಿ ಕಾಲಂ, ನಾಲ್ಕು ಗೆರೆಗೆ ಎಷ್ಟು ರಕ್ಷಣೆ ಸಿಗುತ್ತದೆ ಎಂಬುದು ವಾದದ ವಿಷಯ. ಚಿತ್ರ, ಬರಹ, ಜೋಡಣೆಗೆ ಸಿಗುವಷ್ಟು ಬರೀ ಚೌಕಕ್ಕೆ ಸಿಗುವುದು ಕಷ್ಟ.

ಕೂಟದ_ಟೀಚರ್
ನಾನು ಟೆಕ್ಸಾಸ್‌ನಲ್ಲಿ ಕನ್ನಡ ಕೂಟದ ಶಾಲೆಯಲ್ಲಿ ಪಾಠ ಮಾಡ್ತೀನಿ, 24 ಮಕ್ಕಳು. ವಾರದ ಹೆಸರು ಕಲಿಸೋಕೆ ಇಂಥ ಹಾಳೆ ಚೆನ್ನಾಗಿರತ್ತೆ. ‘ವೈಯಕ್ತಿಕ ಬಳಕೆ’ ಅಂದ್ರೆ ನನ್ನ ತರಗತಿ ಸೇರತ್ತಾ, ಇಲ್ವಾ? ಹೀಗೆ ಬರೆದಿರೋ ಲಿಸ್ಟಿಂಗ್ ನಾನು ಕೊಳ್ಳೋದೇ ಬಿಟ್ಟಿದೀನಿ.

ಬೆಳಗಾವಿ_ಬೈಂಡರ್
ಸೇರೂದಿಲ್ರಿ ಮೇಡಂ. ‘ವೈಯಕ್ತಿಕ’ ಅಂದ್ರ ನೀವು ಮತ್ತ ನಿಮ್ಮ ಮನಿ.

ತಿಂಗಳಪುಟ
ನಾನು ಒಪ್ಪಲ್ಲ. ಟೀಚರಕ್ಕ ಅದನ್ನ ಮಾರ್ತಿಲ್ಲ ಅಲ್ವಾ? ದುಡ್ಡು ಮಾಡದಿದ್ರೆ ವೈಯಕ್ತಿಕವೇ.

ಕಾಗದಕತ್ತರಿ
ನೋಡಿ, ಇಲ್ಲೇ ಇಬ್ಬರು ಎರಡು ಅರ್ಥ ಮಾಡ್ಕೊಂಡ್ರಿ. ಅದಕ್ಕೇ ಆ ಪದ ಒಂದೇ ಸಾಲಲ್ಲ. ತರಗತಿಗೆ ಬೇರೆ ಲಿಸ್ಟಿಂಗ್ ಇಡಿ, ಅದೇ ಫೈಲ್, ಲೈಸೆನ್ಸ್ ಪುಟ ಮಾತ್ರ ಬೇರೆ: ‘ಒಬ್ಬ ಶಿಕ್ಷಕರು, ಒಂದು ತರಗತಿ, 30 ಮಕ್ಕಳವರೆಗೆ ಮುದ್ರಿಸಿ ಕೊಡಬಹುದು. ಪಿಡಿಎಫ್ ಅನ್ನು ಪೋಷಕರಿಗೆ ಕಳಿಸುವಂತಿಲ್ಲ.’ ಕೊನೇ ವಾಕ್ಯ ಮರೀಬೇಡಿ. ಸೋರೋದು ಕಾಗದದಿಂದ ಅಲ್ಲ, ಫೈಲಿಂದ.

ತಿಂಗಳಪುಟ
ಮುದ್ರಿಸಿ, ಸ್ಪೈರಲ್ ಹಾಕ್ಸಿ ತಂಗಿಗೆ ಉಡುಗೊರೆ ಕೊಟ್ರೆ? ತಂಗಿ ಮದುವೆಯಾಗಿ ಬೇರೆ ಮನೇಲಿದಾಳೆ. 😀

ಬೆಳಗಾವಿ_ಬೈಂಡರ್
ಅದಕ್ಕೂ ಒಪ್ಪಿಗಿ ಇಲ್ಲ ಅನ್ನೂದು ನನ್ನ ವಾದ. ಒಂದು ಬಿಟ್ರ ಹತ್ತು ಆಗ್ತಾವ.

ಕುಡ್ಲದ_ಕಡತ
ಅಯ್ಯೋ, ಕಾಗದದ ಪ್ರತಿ ಕೊಟ್ಟರೆ ಕೊಡಲಿ ಬಿಡಿ. ಅದನ್ನು ನೋಡಿ ಇನ್ನೊಬ್ಬರು ನಿಮ್ಮ ಅಂಗಡಿ ಹೆಸರು ಕೇಳಿಯಾರು. ‘ಮುದ್ರಿಸಿದ ಒಂದು ಪ್ರತಿ ಉಡುಗೊರೆ ಕೊಡಬಹುದು’ ಎಂದು ನಾನು ಬರೆಯುವುದು.

ಅಪ್ಪಟಪಂಚಾಂಗ
ವಿಷಯಾಂತರಕ್ಕೆ ಕ್ಷಮಿಸಿ. ಪ್ಲಾನರ್‌ನಲ್ಲಿ ತಿಥಿ ಹಾಕಿದ್ದೀರಾ? ಹಾಕಿದ್ದರೆ ಕಾಗದದ ಅಳತೆಗಿಂತ ದೊಡ್ಡ ತೊಂದರೆ ಅಲ್ಲಿದೆ. ಬೆಂಗಳೂರಿನ ಸೂರ್ಯೋದಯಕ್ಕೆ ಲೆಕ್ಕ ಹಾಕಿದ ತಿಥಿ ನ್ಯೂಜೆರ್ಸಿಗೆ ಹೊಂದುವುದಿಲ್ಲ. ಅಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಇಲ್ಲಿ ಮಧ್ಯಾಹ್ನ ಕಳೆದಿರುತ್ತದೆ, ನಡುವೆ ತಿಥಿ ಮುಗಿದಿದ್ದರೆ ಏಕಾದಶಿಯೇ ಬೇರೆ ದಿನಕ್ಕೆ ಬೀಳಬಹುದು.

ಹಾಳೆಮನೆ
ತಿಥಿ ಇದೆ... ಬೆಂಗಳೂರಿನದು. ಲೆಟರ್ ಫೈಲಲ್ಲಿ ತೆಗೆದುಬಿಡ್ಲಾ?

ಅಪ್ಪಟಪಂಚಾಂಗ
ತೆಗೆಯಿರಿ, ಇಲ್ಲವೇ ‘ತಿಥಿ ಬೆಂಗಳೂರಿನ ಸೂರ್ಯೋದಯಕ್ಕೆ’ ಎಂದು ಲಿಸ್ಟಿಂಗ್‌ನಲ್ಲೂ ಪ್ರತಿ ಪುಟದ ಕೆಳಗೂ ಬರೆಯಿರಿ. ವ್ರತ ಮಾಡುವವರು ನಂಬಿಕೊಂಡಿರುತ್ತಾರೆ.

ಗುರುಪ್ರಿಂಟ್ಸ್
ಇನ್ನೊಂದು: ಎರಡೂ ಬದಿ ಮುದ್ರಿಸಿ ಅಂತ ಹೇಳಿ, ಕಾಗದ ಉಳಿಯತ್ತೆ.

ಕಾಗದಕತ್ತರಿ
ಈ ಫೈಲಿಗೆ ಬೇಡ. ವಾರ 1 ಮುಂದೆ, ವಾರ 2 ಹಿಂದೆ ಹೊಡೆದು ಮಧ್ಯಕ್ಕೆ ಕತ್ತರಿಸಿ ನೋಡಿ. ವಾರ 1ರ ಬಲಭಾಗದ ಬೆನ್ನಿಗೆ ವಾರ 2ರ ಎಡಭಾಗ ಬರತ್ತೆ, ಅದು ಸರಿ. ಆದ್ರೆ ವಾರ 1ರ ಎಡಭಾಗದ ಬೆನ್ನಿಗೆ ವಾರ 2ರ ಬಲಭಾಗ ಕೂತಿರತ್ತೆ. ಬೈಂಡರ್‌ಗೆ ಹಾಕಿದ್ರೆ ಮೊದಲ ವಾರದ ಸೋಮವಾರ ಎರಡನೇ ವಾರದ ಭಾನುವಾರದ ಬೆನ್ನಲ್ಲಿ! ಎರಡೂ ಬದಿ ಬೇಕಂದ್ರೆ ಪುಟಗಳ ಜೋಡಣೆಯೇ ಬೇರೆ ಇರೋ ಮೂರನೇ ಫೈಲ್ ಬೇಕು. ಸದ್ಯಕ್ಕೆ ‘ಒಂದೇ ಬದಿ ಮುದ್ರಿಸಿ’ ಅಂತ ಬರೀರಿ.

ಹಾಳೆಮನೆ
ಎಲ್ರಿಗೂ ಥ್ಯಾಂಕ್ಸ್. ಫ್ಲಾಟನ್ ತೆಗೆದ ಮೇಲೆ ಫೈಲ್ 2 ಎಂಬಿಗೆ ಇಳೀತು. ಹೊಸ ಲಿಸ್ಟಿಂಗ್ ಕರಡು:

‘ಮುದ್ರಿಸಿಕೊಳ್ಳುವ ಕನ್ನಡ ವಾರದ ಪ್ಲಾನರ್, ಪಿಡಿಎಫ್ ಡೌನ್‌ಲೋಡ್. ಅಂಚೆಯಲ್ಲಿ ಏನೂ ಬರುವುದಿಲ್ಲ. ಟ್ಯಾಬ್ಲೆಟ್‌ಗೆ ಬೇಕಾದ ಲಿಂಕ್‌ಗಳಿಲ್ಲ. ಎರಡು ಫೈಲ್: ಅಡ್ಡ ಎ4 (ಕತ್ತರಿಸಿದರೆ ಎ5, 148×210 ಮಿಮೀ), ಅಡ್ಡ ಲೆಟರ್ (ಕತ್ತರಿಸಿದರೆ ಅರ್ಧ ಲೆಟರ್, 140×216 ಮಿಮೀ). ನಿಮ್ಮ ಪ್ರಿಂಟರ್‌ನಲ್ಲಿರುವ ಕಾಗದದ ಫೈಲನ್ನೇ ಬಳಸಿ, Actual size, ಒಂದೇ ಬದಿ. ಮೊದಲು ಪರೀಕ್ಷಾ ಪುಟ ಮುದ್ರಿಸಿ. ತಿಥಿ ಎ4 ಫೈಲಿನಲ್ಲಿ ಮಾತ್ರ, ಬೆಂಗಳೂರಿನ ಸೂರ್ಯೋದಯಕ್ಕೆ. ಮನೆಯವರ ಬಳಕೆಗೆ ಎಷ್ಟಾದರೂ ಮುದ್ರಿಸಬಹುದು, ಮುದ್ರಣದಂಗಡಿಗೆ ಒಪ್ಪಿಗೆ ಫೈಲಿನ 2ನೇ ಪುಟದಲ್ಲಿದೆ. ಫೈಲ್ ಹಂಚುವಂತಿಲ್ಲ, ಪ್ರತಿ ಮಾರುವಂತಿಲ್ಲ. ತರಗತಿಗೆ ಬೇರೆ ಲೈಸೆನ್ಸ್ ಇದೆ.’

ಉಡುಗೊರೆ ವಿಷಯ ಇನ್ನೂ ಯೋಚಿಸ್ತಿದೀನಿ.

ಕೂಟದ_ಟೀಚರ್
ತರಗತಿ ಲಿಸ್ಟಿಂಗ್ ಹಾಕಿದ ದಿನ ಇಲ್ಲಿ ಹೇಳಿ. ಒಂದು ಮಾತು, ವಾರ ಸೋಮವಾರದಿಂದ ಶುರು ಅಂತ ಬರೆದಿಲ್ಲ. ಇಲ್ಲಿನ ಕ್ಯಾಲೆಂಡರ್‌ಗಳಲ್ಲಿ ಭಾನುವಾರ ಮೊದಲು.

ಹಾಳೆಮನೆ
ಅಯ್ಯೋ. ಸೇರಿಸ್ತೀನಿ ಮೇಡಂ.

ಪುಟ್ಟಿ_ಡಿಜಿಟಲ್
ಟ್ಯಾಬ್ಲೆಟ್ ವರ್ಷನ್ ಯಾವಾಗ?